ಮಂಗಳವಾರ ಸಂಜೆ ಐದರೊಳಗೆ

ಶಿರಸಿ ಕಡೆಯ ಒಂದು ಮನೆ. ಹೆಂಡತಿ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಹಲಸಿನ ಹಪ್ಪಳ ಮಾಡುತ್ತಾರೆ. ಗಂಡ ಪ್ಯಾಕಿಂಗ್ ಮತ್ತು ಕೊರಿಯರ್ ನೋಡಿಕೊಳ್ಳುತ್ತಾರೆ. ಊರಿನ ಹುಡುಗನೊಬ್ಬ ಮಾಡಿಕೊಟ್ಟ ಪುಟ್ಟ ವೆಬ್‌ಸೈಟ್ ಇದೆ, ವಾಟ್ಸ್ಆ್ಯಪ್ ನಂಬರ್ ಇದೆ. ಇಂಥ ಒಂದು ಉದ್ಯಮವನ್ನು ಉದಾಹರಣೆಗೆಂದು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಮೇ 9, ಶನಿವಾರ ರಾತ್ರಿ 9.40ಕ್ಕೆ ಬೆಂಗಳೂರಿನ ಗ್ರಾಹಕಿಯೊಬ್ಬರು ಒಂದು ಫೋಟೋ ಕಳಿಸುತ್ತಾರೆ. ಪೆಟ್ಟಿಗೆಯ ತಳ ಒದ್ದೆಯಾಗಿದೆ. ಅರ್ಧ ಕಿಲೋದ ಎರಡು ಬಾಟಲಿಗಳಲ್ಲಿ ಒಂದರ ಮುಚ್ಚಳದಿಂದ ಉಪ್ಪಿನಕಾಯಿಯ ರಸ ಸೋರಿದೆ, ಪಕ್ಕದಲ್ಲಿದ್ದ ಚಟ್ನಿಪುಡಿಯ ಪೊಟ್ಟಣ ಆ ರಸ ಕುಡಿದು ಮುದ್ದೆಯಾಗಿದೆ. ಕೆಳಗೆ ಒಂದೇ ಸಾಲು: "ಹೀಗೆ ಬಂದಿದೆ ನೋಡಿ, ಏನು ಮಾಡ್ತೀರಿ?"

ಈ ಮನೆಯಿಂದ ಹೋಗುವ ಉತ್ತರ ನಮಗೆಲ್ಲ ಗೊತ್ತಿರುವಂಥದ್ದೇ: "ಸಾರಿ ಮೇಡಂ, ವಿಚಾರಿಸಿ ಹೇಳ್ತೀವಿ." ಬರೆದವರ ಮನಸ್ಸಿನಲ್ಲಿ ಮೋಸವಿಲ್ಲ. ಭಾನುವಾರ ಮನೆಗೆ ನೆಂಟರು ಬರುತ್ತಾರೆ, ಸೋಮವಾರ ಮಾವಿನಮಿಡಿ ಬರುತ್ತದೆ, ಕೊರಿಯರ್‌ನವರು ಫೋನ್ ಎತ್ತುವುದಿಲ್ಲ. ಬುಧವಾರ ಗ್ರಾಹಕಿ "ಏನಾಯ್ತು?" ಎನ್ನುತ್ತಾರೆ. "ನೋಡ್ತಾ ಇದ್ದೀವಿ ಮೇಡಂ." ಶುಕ್ರವಾರದ ಹೊತ್ತಿಗೆ ಅವರ ಮಾತಿನ ಧಾಟಿಯೇ ಬೇರೆ. ಮುನ್ನೂರು ರೂಪಾಯಿಯ ಬಾಟಲಿಯ ಮಾತು ಹೋಗಿ, ಹಣ ತೆಗೆದುಕೊಂಡು ಉತ್ತರ ಕೊಡದವರು ಎಂಬ ಮಾತು ಬಂದಿರುತ್ತದೆ. ಸಣ್ಣ ವ್ಯಾಪಾರಿಗಳ ಜೊತೆ ಕೂತು ಅವರ ಫೋನಿನ ಹಳೆಯ ಸಂದೇಶಗಳನ್ನು ಓದಿದಾಗಲೆಲ್ಲ ನನಗೆ ಕಂಡಿರುವುದು ಇದೇ. ಜಗಳ ಹುಟ್ಟುವುದು ಸೋರಿದ ಬಾಟಲಿಯಿಂದಲ್ಲ, "ವಿಚಾರಿಸಿ ಹೇಳ್ತೀವಿ" ಎಂದ ಮೇಲೆ ಬರುವ ಮೌನದಿಂದ.

ಶನಿವಾರ ರಾತ್ರಿ ಆ ಗ್ರಾಹಕಿ ಹೊಸ ಬಾಟಲಿಯನ್ನು ನಿರೀಕ್ಷಿಸುತ್ತಿರಲಿಲ್ಲ. ರಾತ್ರೋರಾತ್ರಿ ಅದು ಬರುವುದಿಲ್ಲ ಎಂದು ಅವರಿಗೂ ಗೊತ್ತು. ಅವರಿಗೆ ಬೇಕಿದ್ದುದು ಎರಡು ಸಂಗತಿ: ನನ್ನ ಮಾತನ್ನು ಒಬ್ಬ ಮನುಷ್ಯ ಓದಿದರೇ? ಮುಂದಿನ ಮಾತು ಯಾವಾಗ? ಕರ್ನಾಟಕದಲ್ಲಿ ನಮಗೆ ಇದರ ಒಳ್ಳೆಯ ಮಾದರಿಯೊಂದು ಮನೆಯಲ್ಲೇ ಇದೆ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಾದ ಸಕಾಲ ಯೋಜನೆಯಲ್ಲಿ ಅರ್ಜಿ ಕೊಟ್ಟವರಿಗೆ ಒಂದು ಸ್ವೀಕೃತಿ ಚೀಟಿ ಸಿಗುತ್ತದೆ. ಅದರಲ್ಲಿ 15 ಅಂಕಿಯ ಸಂಖ್ಯೆ, ಸೇವೆ ಸಿಗಬೇಕಾದ ಕೊನೆಯ ದಿನ ಎರಡೂ ಇರುತ್ತವೆ. ಆ ದಿನ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಪರಿಹಾರದ ಮೊತ್ತ ದೊಡ್ಡದೇನಲ್ಲ. ಆದರೆ "ನಾಳೆ ಬನ್ನಿ" ಎಂದು ಕೇಳಿಸಿಕೊಂಡೇ ಬಂದವರ ಕೈಗೆ ಒಂದು ಸಂಖ್ಯೆ ಮತ್ತು ಒಂದು ದಿನಾಂಕ ಬಂತಲ್ಲ, ಅದು ದೊಡ್ಡದು. ಉಪ್ಪಿನಕಾಯಿ ಮಾರುವವರೂ ಕೊಡಬೇಕಾದ್ದು ಅಂಥದೇ ಚೀಟಿ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿಯೇ ನೋಡಿಬಿಡೋಣ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ, 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಆನ್‌ಲೈನ್ ಮಾರಾಟದ ವೇದಿಕೆ ನಡೆಸುವವರು ದೂರು ನೋಡಿಕೊಳ್ಳುವ ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು. ದೂರು ಬಂದ ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಗಂಡ ಹೆಂಡತಿ ಇಬ್ಬರೇ ಇರುವ ಉದ್ಯಮದಲ್ಲಿ ಆ ಅಧಿಕಾರಿ ಇಬ್ಬರಲ್ಲಿ ಒಬ್ಬರು, ಅಷ್ಟೇ. ಇದಲ್ಲದೆ ಪೊಟ್ಟಣ ಮಾಡಿ ಮಾರುವ ಸರಕಿನ ಮೇಲೆ ದೂರಿಗೆ ಯಾರನ್ನು ಕೇಳಬೇಕು ಎಂಬ ಹೆಸರು, ವಿಳಾಸ, ಫೋನ್, ಇಮೇಲ್ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಅಂದರೆ ಲೇಬಲ್ ಮೇಲೆ ನಂಬರ್ ಅಚ್ಚು ಹಾಕಿಸಿದ ದಿನವೇ "ದೂರು ಇದ್ದರೆ ಇಲ್ಲಿ ಹೇಳಿ" ಎಂದು ಊರಿಗೆಲ್ಲ ಹೇಳಿಯಾಗಿದೆ. ಹೇಳಿದಾಗ ಏನು ಉತ್ತರ ಕೊಡುತ್ತೇವೆ ಎಂಬುದು ಮಾತ್ರ ಬಾಕಿ.

ನಮ್ಮ ಉದಾಹರಣೆಯಲ್ಲಿ 48 ಗಂಟೆಯ ಗಡುವು ಸೋಮವಾರ ರಾತ್ರಿ 9.40ಕ್ಕೆ ಮುಗಿಯುತ್ತದೆ. ಒಂದು ತಿಂಗಳು ಎಂದರೆ ಜೂನ್ 9. ಇವು ದಾಟಬಾರದ ಗೆರೆಗಳು, ಗ್ರಾಹಕರಿಗೆ ಕೊಡಬೇಕಾದ ದಿನಾಂಕಗಳಲ್ಲ. ಸೋರಿದ ಬಾಟಲಿಗೆ ಒಂದು ತಿಂಗಳು ಕಾಯಿಸುವವರ ಹತ್ತಿರ ಮತ್ತೆ ಯಾರೂ ಉಪ್ಪಿನಕಾಯಿ ಕೊಳ್ಳುವುದಿಲ್ಲ.

ಹಾಗಾದರೆ ಯಾವ ದಿನಾಂಕ ಕೊಡಬೇಕು? ಮಾದರಿ ಉತ್ತರ ಬರೆಯಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅವರು ಚೆಂದದ ವಾಕ್ಯಗಳಿಂದ ಶುರು ಮಾಡುತ್ತಾರೆ, ದೊಡ್ಡ ಕಂಪನಿಯ ಉತ್ತರ ನೋಡಿ "24 ಗಂಟೆಯೊಳಗೆ ಪರಿಹಾರ" ಎಂದು ಬರೆದುಬಿಡುತ್ತಾರೆ. ಮೊದಲ ವಾರದಲ್ಲೇ ಅದು ಸುಳ್ಳಾಗುತ್ತದೆ. ಉತ್ತರ ಬರೆಯುವ ಮೊದಲು ತಮ್ಮ ಮನೆಯಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಲೆಕ್ಕ ಹಾಕಬೇಕು. ಒಂದು ದೂರಿನಲ್ಲಿ ಮೂರು ಬೇರೆ ಬೇರೆ ಗಡಿಯಾರಗಳು ಓಡುತ್ತವೆ. ದೂರು ನೋಡಿದೆವು ಎಂದು ಹೇಳುವುದಕ್ಕೆ ಒಂದು, ಏನು ಮಾಡುತ್ತೇವೆ ಎಂದು ತೀರ್ಮಾನಿಸುವುದಕ್ಕೆ ಇನ್ನೊಂದು, ಆ ವಸ್ತುವೋ ಹಣವೋ ಗ್ರಾಹಕರ ಕೈ ಸೇರುವುದಕ್ಕೆ ಮತ್ತೊಂದು. ಮೂರನ್ನೂ ಸೇರಿಸಿ "ಒಂದು ವಾರ" ಎಂದರೆ ಯಾವುದೂ ನಿಜವಾಗುವುದಿಲ್ಲ.

ಮೊದಲನೆಯದು ಸುಲಭ. ಈ ಮನೆಯಲ್ಲಿ ದಿನಕ್ಕೆ ಎರಡು ಸಲ, ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಹತ್ತು ಗಂಟೆಗೆ ಮತ್ತು ಸಂಜೆ ಆರಕ್ಕೆ ಫೋನ್ ಹಿಡಿದು ಕೂರುತ್ತಾರೆ. ಹಾಗಿದ್ದ ಮೇಲೆ ಯಾವ ದೂರೂ ಒಂದು ದಿನದೊಳಗೆ ಕಣ್ಣಿಗೆ ಬೀಳಲೇಬೇಕು. ಭಾನುವಾರ ರಜೆಯಾದರೂ ಹತ್ತು ನಿಮಿಷ ಫೋನ್ ನೋಡಬಹುದೇ ಎಂದು ಮನೆಯವರು ಕೂತು ಒಪ್ಪಿಕೊಳ್ಳಬೇಕು. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೇ ಬರೆಯಬೇಕು.

ಎರಡನೆಯದಕ್ಕೆ ಸ್ವಲ್ಪ ಯೋಚನೆ ಬೇಕು. ತೀರ್ಮಾನಕ್ಕೆ ಮುಂಚೆ ಏನೇನು ಆಗಬೇಕು? ಬಾಟಲಿಯ ಬ್ಯಾಚ್ ನಂಬರ್ ನೋಡಿ, ಅದೇ ದಿನ ತುಂಬಿದ ಬಾಟಲಿಗಳು ಮನೆಯಲ್ಲಿ ಉಳಿದಿದ್ದರೆ ತೆಗೆಯಬೇಕು. ಹಳೆಯ ಪೇಪರ್ ಹಾಸಿ, ಅವುಗಳನ್ನು ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಬೇಕು. ಬೆಳಿಗ್ಗೆ ಪೇಪರ್ ಮೇಲೆ ಕಲೆ ಕಂಡರೆ ತಪ್ಪು ಮುಚ್ಚಳದ್ದು ಅಥವಾ ತುಂಬಿದ್ದರದ್ದು. ಅಪ್ಪೆಮಿಡಿಯಲ್ಲಿ ಎಣ್ಣೆಗಿಂತ ಉಪ್ಪುನೀರಿನ ರಸವೇ ಹೆಚ್ಚು. ಕಂಠದವರೆಗೆ ತುಂಬಿದರೆ ಬಿಸಿಲಿಗೆ ಹಿಗ್ಗಿದ ರಸಕ್ಕೆ ಜಾಗವಿಲ್ಲದೆ ಮುಚ್ಚಳದ ಸಂದಿನಿಂದ ಹೊರಗೆ ಬರುತ್ತದೆ. ಪೇಪರ್ ಒಣಗಿಯೇ ಇದ್ದರೆ ದಾರಿಯಲ್ಲಿ ಪೆಟ್ಟಿಗೆಗೆ ಪೆಟ್ಟು ಬಿದ್ದಿರಬಹುದು, ಕೊರಿಯರ್‌ನವರನ್ನು ಕೇಳಬೇಕು. ಅವರ ಕಚೇರಿ ತೆರೆಯುವುದು ಸೋಮವಾರ. ಹಾಗಾಗಿ ಸೋಮವಾರ ವಿಚಾರಣೆ, ಸೋಮವಾರ ರಾತ್ರಿ ಬಾಟಲಿ ಪರೀಕ್ಷೆ, ಮಂಗಳವಾರ ಬೆಳಿಗ್ಗೆ ಫಲಿತಾಂಶ. ಮಧ್ಯೆ ಒಂದು ಅಡ್ಡಿ ಬಂದರೂ ಇರಲಿ ಎಂದು ಅರ್ಧ ದಿನ ಸೇರಿಸಿದರೆ ಮಂಗಳವಾರ ಸಂಜೆ ಐದು ಗಂಟೆ. ಈ ಹೊತ್ತು ಗಾಳಿಯಿಂದ ಬಂದದ್ದಲ್ಲ, ಹಳೆಯ ಪೇಪರ್ ಮೇಲೆ ಮಗುಚಿಟ್ಟ ಬಾಟಲಿಯಿಂದ ಬಂದದ್ದು.

ಮೂರನೆಯ ಗಡಿಯಾರ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಹಳೆಯ ರಸೀದಿಗಳೇ ಗತಿ. ಬೆಂಗಳೂರಿಗೆ ಕಳಿಸಿದ ಕಳೆದ ಇಪ್ಪತ್ತು ಪಾರ್ಸೆಲ್‌ಗಳ ದಿನಾಂಕ ಬರೆದುಕೊಳ್ಳಿ. ಹೆಚ್ಚಿನವು ಮೂರು ದಿನಕ್ಕೆ ತಲುಪಿ, ಒಂದೇ ಒಂದು ಆರು ದಿನ ತೆಗೆದುಕೊಂಡಿದ್ದರೆ, ಗ್ರಾಹಕರಿಗೆ ಹೇಳಬೇಕಾದ್ದು ಆರು. ಸರಾಸರಿ ಹಿಡಿದು ಮಾತು ಕೊಟ್ಟರೆ ಕೆಲವರಿಗಾದರೂ ಮಾತು ತಪ್ಪುತ್ತದೆ. ಆರು ಎಂದು ಹೇಳಿ ಮೂರನೇ ದಿನ ತಲುಪಿಸಿದರೆ ಯಾರೂ ಬೈಯುವುದಿಲ್ಲ. ಹಣ ಹಿಂತಿರುಗಿಸುವುದಾದರೆ ಲೆಕ್ಕ ಬೇರೆ. ಯುಪಿಐ ಮೂಲಕ ನೇರವಾಗಿ ಕಳಿಸಿದರೆ ಸಾಮಾನ್ಯವಾಗಿ ಆಗಲೇ ಸೇರುತ್ತದೆ. ಕಾರ್ಡಿನಲ್ಲಿ ಕೊಟ್ಟ ಹಣ ಪೇಮೆಂಟ್ ಗೇಟ್‌ವೇ ಮೂಲಕ ವಾಪಸು ಹೋಗುವಾಗ ಬ್ಯಾಂಕಿನ ಐದರಿಂದ ಏಳು ಕೆಲಸದ ದಿನ ಹಿಡಿಯುವುದು ವಾಡಿಕೆ. ಕೆಲಸದ ದಿನ ಎನ್ನುವಾಗ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ ಎಂಬುದೂ ನೆನಪಿರಲಿ. ಆದ್ದರಿಂದ "ನಾವು ಕಳಿಸುವ ದಿನ", "ನಿಮ್ಮ ಖಾತೆಗೆ ಬರುವ ದಿನ" ಎಂದು ಎರಡನ್ನೂ ಬೇರೆಬೇರೆಯಾಗಿ ಬರೆಯುವುದೇ ಸರಿ.

ಲೆಕ್ಕ ಮುಗಿದ ಮೇಲೆ ಬರೆಯುವುದು ಕಷ್ಟವಲ್ಲ. ಭಾನುವಾರ ಬೆಳಿಗ್ಗೆ 10.15ಕ್ಕೆ ಹೋಗಬೇಕಾದ ಸ್ವೀಕೃತಿ ಹೀಗಿರಬಹುದು:

> ನಮಸ್ಕಾರ ಮೇಡಂ. ನೀವು ಕಳಿಸಿದ ಫೋಟೋ ನೋಡಿದೆ. ಒಂದು ಅಪ್ಪೆಮಿಡಿ ಬಾಟಲಿ ಸೋರಿ, ಚಟ್ನಿಪುಡಿಯೂ ಹಾಳಾಗಿದೆ. ನಿಮಗೆ ಹೀಗೆ ತಲುಪಿದ್ದಕ್ಕೆ ಬೇಸರವಾಗಿದೆ, ಕ್ಷಮಿಸಿ.
>
> ನಿಮ್ಮ ದೂರಿನ ಸಂಖ್ಯೆ 0509-1. ಇದನ್ನು ನಾನೇ ನೋಡಿಕೊಳ್ಳುತ್ತೇನೆ.
>
> ನಾಳೆ ಸೋಮವಾರ ಕೊರಿಯರ್‌ನವರನ್ನು ವಿಚಾರಿಸಿ, ಅದೇ ಬ್ಯಾಚಿನ ಬಾಟಲಿಗಳನ್ನು ಪರೀಕ್ಷಿಸುತ್ತೇವೆ. ಮೇ 12, ಮಂಗಳವಾರ ಸಂಜೆ 5 ಗಂಟೆಯೊಳಗೆ ಏನು ಮಾಡುತ್ತೇವೆ ಎಂದು ನಾನೇ ತಿಳಿಸುತ್ತೇನೆ.
>
> ಒಂದು ಸಹಾಯ: ಸೋರಿದ ಬಾಟಲಿಯ ಲೇಬಲ್ ಮೇಲಿನ ಬ್ಯಾಚ್ ನಂಬರ್ ಕಾಣುವಂತೆ ಒಂದು ಫೋಟೋ ಕಳಿಸಿ. ಅಲ್ಲಿಯವರೆಗೆ ಬಾಟಲಿಯನ್ನು ಎಸೆಯಬೇಡಿ.
>
> (ಹೆಸರು), (ಉದ್ಯಮದ ಹೆಸರು), ಫೋನ್: (ನಂಬರ್), ಬೆಳಿಗ್ಗೆ 10ರಿಂದ ಸಂಜೆ 6

ಇದರಲ್ಲಿ ಪ್ರತಿ ಸಲ ಬದಲಾಗುವುದು ಐದೇ: ಏನಾಯಿತು ಎಂಬ ಮಾತು, ದೂರಿನ ಸಂಖ್ಯೆ, ಮುಂದೆ ಮಾಡುವ ಕೆಲಸ, ದಿನಾಂಕ, ಗ್ರಾಹಕರಿಂದ ಬೇಕಾದ ಒಂದು ಸಹಾಯ. ಉಳಿದದ್ದು ಹಾಗೆಯೇ ಇರುತ್ತದೆ. ಮೊದಲ ಸಾಲನ್ನು ಮಾತ್ರ ಎಂದೂ ಅಚ್ಚಿನಲ್ಲಿ ಇಡಬೇಡಿ. "ನಿಮ್ಮ ದೂರು ಸ್ವೀಕರಿಸಲಾಗಿದೆ" ಎಂದರೆ ಯಾರೂ ಓದಿಲ್ಲವೆಂದೇ ಅರ್ಥ. "ಚಟ್ನಿಪುಡಿಯೂ ಹಾಳಾಗಿದೆ" ಎಂದರೆ ಫೋಟೋ ನೋಡಿದ್ದಾರೆ ಎಂದು ತಿಳಿಯುತ್ತದೆ. ಅದಕ್ಕಾಗಿ ಹೆಚ್ಚೆಂದರೆ ಅರ್ಧ ನಿಮಿಷ ಬೇಕು.

ಸಂಖ್ಯೆಯ ವಿಷಯದಲ್ಲೂ ಕಷ್ಟಪಡಬೇಕಿಲ್ಲ. ಐದನೇ ತಿಂಗಳು, ಒಂಬತ್ತನೇ ತಾರೀಖು, ಆ ದಿನದ ಮೊದಲ ದೂರು: 0509-1. ಯಾವ ಸಾಫ್ಟ್‌ವೇರ್ ಕೂಡ ಬೇಡ. ಸಂಖ್ಯೆ ನೋಡಿದ ಕೂಡಲೇ ದೂರು ಎಂದಿನದು ಎಂದು ತಿಳಿಯುತ್ತದೆ. ಗಂಡ ಫೋನ್ ಎತ್ತಿದರೂ, ಹೆಂಡತಿ ಎತ್ತಿದರೂ ಗ್ರಾಹಕರು ಕಥೆಯನ್ನು ಮೊದಲಿನಿಂದ ಹೇಳಬೇಕಿಲ್ಲ. ಕೇಳುವ ಸಹಾಯವೂ ಒಂದೇ ಇರಲಿ. ಹೆಸರು, ಆರ್ಡರ್ ನಂಬರ್, ವಿಳಾಸ, ಹಣ ಕೊಟ್ಟ ದಿನ ಎಲ್ಲವೂ ಅವರ ಫೋನ್ ನಂಬರ್ ಹುಡುಕಿದರೆ ನಮ್ಮಲ್ಲೇ ಸಿಗುತ್ತದೆ. ಹಾಳಾದ ವಸ್ತು ಪಡೆದವರ ಹತ್ತಿರ ಮತ್ತೆ ಫಾರಂ ತುಂಬಿಸುವುದು ಸರಿಯಲ್ಲ.

ಇದರಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. "ಕೊರಿಯರ್‌ನವರ ತಪ್ಪು" ಎಂದಿಲ್ಲ, ಏಕೆಂದರೆ ಇನ್ನೂ ಗೊತ್ತಿಲ್ಲ. ಗೊತ್ತಾದರೂ ಕೊರಿಯರ್ ಆರಿಸಿದವರು ನಾವೇ. ಹಣ ವಾಪಸು ಕೊಡುತ್ತೇವೆ ಎಂದೂ ಇಲ್ಲ. ಭಾನುವಾರದ ಗಡಿಬಿಡಿಯಲ್ಲಿ ಕೊಟ್ಟ ಮಾತನ್ನು ಮಂಗಳವಾರ ಬದಲಿಸಿದರೆ, ಕೊಡದೇ ಇದ್ದುದಕ್ಕಿಂತ ಕೆಡುತ್ತದೆ. ಈ ಉತ್ತರ ಕೊಡುವ ಮಾತು ಒಂದೇ, ಮಂಗಳವಾರ ಸಂಜೆ ಐದರ ಮಾತು.

ಕನ್ನಡದಲ್ಲಿ ಬರೆಯುವಾಗ ನಮಗೆ ಒಂದು ವಿಶೇಷ ಅಪಾಯವಿದೆ. ಕಚೇರಿ ಪತ್ರಗಳಿಂದ ಬಂದ "ಸೂಕ್ತ ಕ್ರಮ ಕೈಗೊಳ್ಳಲಾಗುವುದು", "ಪರಿಶೀಲಿಸಲಾಗುತ್ತಿದೆ", "ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ" ಎಂಬ ಸಾಲುಗಳು ಕೈಗೆ ತಾವಾಗಿಯೇ ಬರುತ್ತವೆ. ಅವು ಶುದ್ಧ ಕನ್ನಡದಂತೆ ಕಾಣುತ್ತವೆ, ಆದರೆ "ಲಾಗುವುದು" ಎಂಬಲ್ಲಿ ಮಾಡುವವರು ಮಾಯವಾಗಿಬಿಡುತ್ತಾರೆ. ಯಾರು ಪರಿಶೀಲಿಸುತ್ತಾರೆ? ಯಾವ ಕ್ರಮ? ಮಾದರಿ ಉತ್ತರ ಬರೆದ ಮೇಲೆ "ಲಾಗು" ಇರುವ ಪ್ರತಿ ಕ್ರಿಯಾಪದಕ್ಕೂ ಗೆರೆ ಎಳೆಯಿರಿ. ಅದರ ಜಾಗದಲ್ಲಿ "ನಾನು", "ನಾವು" ಎಂದು ಇಟ್ಟು ಬರೆಯಿರಿ. ಹಾಗೆ ಬರೆಯಲಾಗದಿದ್ದರೆ ಆ ಕೆಲಸಕ್ಕೆ ಮನೆಯಲ್ಲಿ ಯಾರೂ ಗೊತ್ತಾಗಿಲ್ಲ ಎಂದರ್ಥ. ಮೊದಲು ಅದನ್ನು ಗೊತ್ತುಮಾಡಬೇಕು.

ಕಾಲದ ಮಾತುಗಳಿಗೂ ಇದೇ ಜರಡಿ ಬೇಕು. "ಆದಷ್ಟು ಬೇಗ", "ಶೀಘ್ರದಲ್ಲೇ", "ಎರಡು ಮೂರು ದಿನದಲ್ಲಿ" ಇವು ಯಾವುವೂ ಬೇಡ. ಬರಿಯ "ನಾಳೆ" ಕೂಡ ಮೋಸ ಮಾಡುತ್ತದೆ. ಭಾನುವಾರ ಬರೆದದ್ದನ್ನು ಗ್ರಾಹಕರು ಸೋಮವಾರ ಬೆಳಿಗ್ಗೆ ಓದಿದರೆ ಅವರ ನಾಳೆ ಮಂಗಳವಾರ. ವಾರದ ಹೆಸರು, ತಾರೀಖು, ಗಂಟೆ ಮೂರೂ ಇರಲಿ. ವಾರದ ಹೆಸರು ಬರೆಯುವಾಗ ತಾರೀಖಿನ ತಪ್ಪೂ ನಮಗೇ ಸಿಕ್ಕಿಬೀಳುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ `Quick replies` ಎಂಬ ಸೌಲಭ್ಯವಿದೆ. ಮೇಲಿನ ಪತ್ರವನ್ನು ಅಲ್ಲಿ ಒಮ್ಮೆ ಉಳಿಸಿ `/duru` ಎಂದು ಹೆಸರಿಟ್ಟರೆ, ಗ್ರಾಹಕರ ಚಾಟ್‌ನಲ್ಲಿ ಅಷ್ಟು ಟೈಪ್ ಮಾಡಿದಾಗ ಇಡೀ ಪತ್ರ ಬರುತ್ತದೆ. ಬದಲಿಸಬೇಕಾದ ಜಾಗಗಳನ್ನು ಖಾಲಿ ಬಿಡದೆ, ಕಣ್ಣಿಗೆ ಹೊಡೆಯುವಂತೆ `####` ಹಾಕಿಡಿ. ಖಾಲಿ ಜಾಗ ಗಮನಕ್ಕೆ ಬಾರದೆ ಹಾಗೆಯೇ ಹೋಗಿಬಿಡುತ್ತದೆ. ಅದೇ ಆ್ಯಪ್‌ನಲ್ಲಿ `Away message` ಕೂಡ ಇದೆ, ನಾವಿಲ್ಲದ ಹೊತ್ತಿನಲ್ಲಿ ತಾನಾಗಿಯೇ ಹೋಗುವ ಉತ್ತರ ಅದು. ಅದನ್ನು ಸ್ವೀಕೃತಿಯೆಂದು ತಿಳಿದು ಸುಮ್ಮನಾಗುವವರನ್ನು ಕಂಡಿದ್ದೇನೆ. "ನಾವು ಬೆಳಿಗ್ಗೆ 10ಕ್ಕೆ ಸಂದೇಶ ನೋಡುತ್ತೇವೆ" ಎಂದು ಹೇಳುವುದಕ್ಕೆ ಅದು ಸಾಕು. ದೂರು ತಲುಪಿತು ಎಂದು ಹೇಳುವುದಕ್ಕೆ ಸಾಲದು, ಏಕೆಂದರೆ ದೂರು ಇನ್ನೂ ಯಾರಿಗೂ ತಲುಪಿಲ್ಲ.

ಒಂದು ಜಾತಿಯ ದೂರುಗಳಿಗೆ ಮಾತ್ರ ಈ ಪತ್ರ ಮೊದಲು ಹೋಗಬಾರದು. ಉಪ್ಪಿನಕಾಯಿಗೆ ಬೂಷ್ಟು ಬಂದಿದೆ, ಗಾಜಿನ ಚೂರು ಸಿಕ್ಕಿದೆ, ತಿಂದವರಿಗೆ ವಾಂತಿಯಾಗಿದೆ ಎಂದರೆ ಟೈಪ್ ಮಾಡುತ್ತ ಕೂರದೆ ಕೂಡಲೇ ಫೋನ್ ಮಾಡಬೇಕು. ಮೊದಲ ಮಾತು "ಅದನ್ನು ಯಾರೂ ತಿನ್ನಬೇಡಿ, ಆದರೆ ಎಸೆಯದೆ ಮುಚ್ಚಿಡಿ". ಎರಡನೆಯದು ತಿಂದವರು ಹೇಗಿದ್ದಾರೆ, ವೈದ್ಯರಿಗೆ ತೋರಿಸಿದರೇ ಎಂದು. ಫೋನ್ ಇಟ್ಟ ಮೇಲೆ ಆ ಬ್ಯಾಚಿನ ಒಂದು ಬಾಟಲಿಯನ್ನೂ ಹೊರಗೆ ಬಿಡಬಾರದು. ಬರಹದ ಉತ್ತರ ಅದಾದ ಮೇಲೆ, ಫೋನಿನಲ್ಲಿ ಆಡಿದ ಮಾತನ್ನು ದಾಖಲಿಸಲು. ಅದರಲ್ಲಿ ಕೊಡುವ ಗಡುವು ದಿನಗಳದ್ದಲ್ಲ, ಗಂಟೆಗಳದ್ದು.

ಇನ್ನು, ಹೇಳಿದ ದಿನಕ್ಕೆ ಆಗುವುದಿಲ್ಲ ಎಂದು ಗೊತ್ತಾದರೆ? ಮಂಗಳವಾರ ಮಧ್ಯಾಹ್ನವಾದರೂ ಕೊರಿಯರ್‌ನವರ ಉತ್ತರ ಬಂದಿಲ್ಲ ಎನ್ನಿ. ಹೆಚ್ಚಿನವರು ಐದು ಗಂಟೆ ದಾಟಿಸಿ, ಗ್ರಾಹಕರು ಕೇಳಲಿ ಎಂದು ಕಾಯುತ್ತಾರೆ. ಸಂಕೋಚ ಅದಕ್ಕೆ ಕಾರಣ ಇರಬಹುದು. ಆದರೆ ಇದೇ ಸುದ್ದಿಗೆ ನಾಲ್ಕು ಗಂಟೆಗೆ ಇರುವ ಬೆಲೆ ಬೇರೆ, ಆರು ಗಂಟೆಗೆ ಇರುವ ಬೆಲೆ ಬೇರೆ. ಆದ್ದರಿಂದ ಮೂರನೆಯ ಒಂದು ಪುಟ್ಟ ಮಾದರಿಯೂ ಸಿದ್ಧವಿರಬೇಕು:

> ಮೇಡಂ, ದೂರು 0509-1. ಇವತ್ತು ಸಂಜೆ 5ರೊಳಗೆ ತಿಳಿಸುತ್ತೇನೆ ಎಂದಿದ್ದೆ. ಬಾಟಲಿ ಪರೀಕ್ಷೆ ಮುಗಿದಿದೆ, ಕೊರಿಯರ್‌ನವರ ಉತ್ತರ ಮಾತ್ರ ಬಂದಿಲ್ಲ. ಅದು ಬರಲಿ, ಬರದಿರಲಿ, ಮೇ 13, ಬುಧವಾರ ಮಧ್ಯಾಹ್ನ 1 ಗಂಟೆಯೊಳಗೆ ನಮ್ಮ ತೀರ್ಮಾನ ತಿಳಿಸುತ್ತೇನೆ.

"ಬರಲಿ, ಬರದಿರಲಿ" ಎಂಬ ಮಾತೇ ಇಲ್ಲಿ ಮುಖ್ಯ. ಎರಡನೆಯ ದಿನಾಂಕ ಮತ್ತೊಬ್ಬರ ಕೈಯಲ್ಲಿ ಇರಬಾರದು. ಒಂದು ದೂರಿನಲ್ಲಿ ಈ ಪತ್ರ ಒಂದೇ ಸಲ ಹೋಗಬೇಕು. ಎರಡನೆಯ ಸಲ ಬೇಕಾಯಿತೆಂದರೆ ಆಗ ಬರೆಯುವುದು ಬಿಟ್ಟು ಫೋನ್ ಮಾಡಬೇಕು.

ನಮ್ಮ ಉದಾಹರಣೆಯಲ್ಲಿ ಅದು ಬೇಕಾಗಲಿಲ್ಲ ಎಂದುಕೊಳ್ಳೋಣ. ಸೋಮವಾರ ರಾತ್ರಿ ಮಗುಚಿಟ್ಟ ಆರು ಬಾಟಲಿಗಳಲ್ಲಿ ಎರಡರ ಕೆಳಗೆ ಪೇಪರ್ ಒದ್ದೆಯಾಗಿತ್ತು. ತಪ್ಪು ಮನೆಯದೇ. ಪರಿಹಾರದ ಪತ್ರ ಮಂಗಳವಾರ ಸಂಜೆ 4 ಗಂಟೆಗೆ ಹೋಗುತ್ತದೆ:

> ಮೇಡಂ, ದೂರು 0509-1ರ ಬಗ್ಗೆ. ಅದೇ ಬ್ಯಾಚಿನ ಆರು ಬಾಟಲಿಗಳನ್ನು ರಾತ್ರಿ ತಲೆಕೆಳಗಾಗಿ ಇಟ್ಟು ನೋಡಿದೆವು, ಎರಡು ಸೋರಿದವು. ಬಾಟಲಿಯನ್ನು ಮಿತಿಗಿಂತ ಹೆಚ್ಚು ತುಂಬಿದ್ದೇ ಕಾರಣ. ತಪ್ಪು ನಮ್ಮದು.
>
> ಹಾಳಾದದ್ದು ಒಂದು ಉಪ್ಪಿನಕಾಯಿ (₹300), ಒಂದು ಚಟ್ನಿಪುಡಿ (₹180). ಇವೆರಡನ್ನೂ ನಮ್ಮ ಖರ್ಚಿನಲ್ಲಿ ಹೊಸದಾಗಿ ಕಳಿಸುತ್ತೇವೆ, ಅಥವಾ ₹480 ವಾಪಸು ಕೊಡುತ್ತೇವೆ. ಯಾವುದು ಬೇಕೆಂದು ತಿಳಿಸಿ.
>
> ಇವತ್ತು ರಾತ್ರಿ 9ರೊಳಗೆ ತಿಳಿಸಿದರೆ: ವಸ್ತುವಾದರೆ ಮೇ 13, ಬುಧವಾರ ಕೊರಿಯರ್‌ಗೆ ಕೊಡುತ್ತೇವೆ, ಮೇ 19, ಮಂಗಳವಾರದೊಳಗೆ ತಲುಪಬೇಕು. ಹಣವಾದರೆ ಬುಧವಾರ ಬೆಳಿಗ್ಗೆ 11ರೊಳಗೆ ಯುಪಿಐನಲ್ಲಿ ಕಳಿಸಿ ವಹಿವಾಟಿನ ಸಂಖ್ಯೆ ತಿಳಿಸುತ್ತೇನೆ. ಹಣ ಪಡೆಯಲು ನೀವು ಪಿನ್ ಒತ್ತಬೇಕಿಲ್ಲ, ಯಾವ ಕ್ಯೂಆರ್ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ.
>
> ಹಳೆಯ ಬಾಟಲಿ ವಾಪಸು ಬೇಡ, ಎಸೆಯಬಹುದು. ಇದು ಸರಿಯೆನಿಸದಿದ್ದರೆ ನನಗೆ ನೇರವಾಗಿ ಫೋನ್ ಮಾಡಿ.

ಪಿನ್ ಬಗ್ಗೆ ಬರೆದ ಸಾಲನ್ನು ಬಿಡಬೇಡಿ. ಹಣ ವಾಪಸು ಕೊಡುತ್ತೇವೆ ಎಂದು ನಂಬಿಸಿ ಕ್ಯೂಆರ್ ಕೋಡ್ ಕಳಿಸಿ ದೋಚುವವರು ಇರುವ ಕಾಲವಿದು. ನಿಜವಾದ ವ್ಯಾಪಾರಿ ಇದನ್ನು ಹೇಳಿದರೆ ಗ್ರಾಹಕರಿಗೆ ಧೈರ್ಯ ಬರುತ್ತದೆ. ಎರಡು ದಾರಿ ಕೊಟ್ಟದ್ದಕ್ಕೂ ಕಾರಣವಿದೆ. ಯಾರಿಗೋ ಊರಿನ ಅಪ್ಪೆಮಿಡಿಯೇ ಬೇಕು, ಇನ್ನು ಯಾರಿಗೋ ಮತ್ತೆ ಆ ರಗಳೆಯೇ ಬೇಡ. ಗ್ರಾಹಕರು ಯಾವುದೂ ಹೇಳದೆ ಸುಮ್ಮನಿದ್ದರೆ ದೂರು ಮುಗಿಯಿತು ಎಂದು ಬರೆದುಕೊಳ್ಳಬಾರದು. ಒಮ್ಮೆ ನೆನಪಿಸಿ, ಆಗಲೂ ಉತ್ತರವಿಲ್ಲದಿದ್ದರೆ ಹಣ ಬಂದ ದಾರಿಯಲ್ಲೇ ವಾಪಸು ಮಾಡಿ ತಿಳಿಸುವುದು ನನಗೆ ಸರಿಕಾಣುವ ದಾರಿ. ವಸ್ತು ಕಳಿಸಿದ್ದರೆ ಮೇ 20ರಂದು "ತಲುಪಿತೇ? ಸರಿ ಇದೆಯೇ?" ಎಂದು ಒಂದು ಸಾಲು ಕೇಳಿ, ಹೌದು ಎಂದ ಮೇಲೆ ಮಾತ್ರ ಪುಸ್ತಕದಲ್ಲಿ ಗೆರೆ ಎಳೆಯಬೇಕು.

ಪ್ರತಿ ದೂರಿನಲ್ಲೂ ಗ್ರಾಹಕರೇ ಸರಿ ಎಂದಲ್ಲ. "ಉಪ್ಪು ಜಾಸ್ತಿ, ಹಣ ವಾಪಸು ಕೊಡಿ" ಎಂದು ಒಬ್ಬರು ಬರೆಯುತ್ತಾರೆ. ಅಪ್ಪೆಮಿಡಿ ವರ್ಷಗಟ್ಟಲೆ ಕೆಡದೆ ಉಳಿಯುವುದೇ ಉಪ್ಪಿನಿಂದ. ವಸ್ತು ದೋಷವುಳ್ಳದ್ದಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ವಾಪಸು ಪಡೆಯಲು ಅಥವಾ ಹಣ ಹಿಂತಿರುಗಿಸಲು ತನ್ನದೇ ಸರಕನ್ನು ಆನ್‌ಲೈನ್‌ನಲ್ಲಿ ಮಾರುವವರು ಒಲ್ಲೆ ಎನ್ನುವಂತಿಲ್ಲ. ರುಚಿ ಹಿಡಿಸದಿರುವುದು ಅದರಲ್ಲಿ ಬರುವುದಿಲ್ಲ. ಆದರೆ ಇಲ್ಲವೆನ್ನುವ ಪತ್ರಕ್ಕೂ ಸ್ವೀಕೃತಿಯಷ್ಟೇ ಮರ್ಯಾದೆ, ಅಷ್ಟೇ ಕಟ್ಟುನಿಟ್ಟಿನ ದಿನಾಂಕ ಬೇಕು. ಏನು ನೋಡಿದೆವು (ಅದೇ ಬ್ಯಾಚಿನ ಬಾಟಲಿ ತೆರೆದು ರುಚಿ ನೋಡಿದೆವು, ಎಂದಿನಷ್ಟೇ ಉಪ್ಪಿದೆ), ಏಕೆ ಹಣ ಕೊಡಲಾಗುವುದಿಲ್ಲ, ಬದಲಿಗೆ ಏನು ಮಾಡಬಲ್ಲೆವು ಎಂದು ಬರೆದು, ಕೊನೆಗೆ ಇನ್ನೊಂದು ಸಾಲು ಸೇರಿಸಬೇಕು: "ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು." ನಮ್ಮ ಮೇಲೆ ದೂರು ಕೊಡುವ ದಾರಿಯನ್ನು ನಾವೇ ತೋರಿಸುವುದೇ ಎಂದು ವ್ಯಾಪಾರಿಗಳು ಹೌಹಾರುತ್ತಾರೆ. ಆ ನಂಬರ್ ಗ್ರಾಹಕರಿಗೆ ಹೇಗೂ ಸಿಗುತ್ತದೆ. ನಾವೇ ಹೇಳಿದಾಗ, ಮುಚ್ಚಿಡುವುದು ಏನೂ ಇಲ್ಲ ಎಂದು ತಿಳಿಯುತ್ತದೆ.

ಇಷ್ಟೆಲ್ಲಕ್ಕೂ ಬೇಕಾದ್ದು ಒಂದು ನೂರು ಪುಟದ ನೋಟ್‌ಬುಕ್. ದೂರಿನ ಸಂಖ್ಯೆ, ಗ್ರಾಹಕರ ಹೆಸರು, ಬ್ಯಾಚ್, ಕೊಟ್ಟ ದಿನಾಂಕ, ನಿಜವಾಗಿ ಉತ್ತರಿಸಿದ ದಿನಾಂಕ, ಕಾರಣ. ಮೂರು ತಿಂಗಳ ನಂತರ ಆ ಪುಟಗಳನ್ನು ತಿರುವಿದರೆ ಎರಡು ವಿಷಯ ಕಾಣುತ್ತವೆ. ಕೊಟ್ಟ ದಿನಾಂಕ, ಉತ್ತರಿಸಿದ ದಿನಾಂಕ ಪದೇ ಪದೇ ಬೇರೆಯಾಗಿದ್ದರೆ ನಾವು ಕೊಡುತ್ತಿರುವ ಗಡುವು ಸುಳ್ಳು, ಅದನ್ನು ಉದ್ದ ಮಾಡಬೇಕು. "ಸೋರಿಕೆ" ಎಂಬ ಕಾರಣವೇ ಮತ್ತೆ ಮತ್ತೆ ಬಂದಿದ್ದರೆ ಯಾವ ಪತ್ರವೂ ಸಹಾಯಕ್ಕೆ ಬರುವುದಿಲ್ಲ. ಬಾಟಲಿಯ ಕಂಠದ ಕೆಳಗೆ ಬೆರಳಗಲ ಜಾಗ ಬಿಡಬೇಕು, ಮುಚ್ಚಳದ ಒಳಗಿನ ವಾಷರ್ ಬದಲಿಸಬೇಕು, ಕಳಿಸುವ ಹಿಂದಿನ ರಾತ್ರಿ ಪ್ರತಿ ಬಾಟಲಿಯನ್ನೂ ಮಗುಚಿಟ್ಟು ನೋಡಬೇಕು.

ನೀವೂ ಇಂಥ ಉದ್ಯಮ ನಡೆಸುವವರಾದರೆ, ಇಲ್ಲಿರುವ ಪತ್ರಗಳನ್ನು ಹಾಗೆಯೇ ನಕಲು ಮಾಡಿಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕಳೆದ ಇಪ್ಪತ್ತು ಪಾರ್ಸೆಲ್‌ಗಳ ಕೊರಿಯರ್ ರಸೀದಿ ತೆಗೆದು, ಕಳಿಸಿದ ದಿನ ಮತ್ತು ತಲುಪಿದ ದಿನವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಅದರಲ್ಲಿ ಎಲ್ಲಕ್ಕಿಂತ ತಡವಾದದ್ದು ಎಷ್ಟು ದಿನ ತೆಗೆದುಕೊಂಡಿತೋ, ನಿಮ್ಮ ಪತ್ರದಲ್ಲಿ ಇರಬೇಕಾದ ಅಂಕಿ ಅದು.